ಮಾಹಿತಿ ಕೊಡದ ಕಂಪನಿಗೆ ಲೆಕ್ಕಪರಿಶೋಧಕರ ರಾಜೀನಾಮೆ ಪತ್ರ: ಬರೆಯುವ ಮೊದಲು, ಬರೆಯುವಾಗ, ಬರೆದ ಮೇಲೆ

"ವೈಯಕ್ತಿಕ ಕಾರಣ ಎಂದು ಬರೆದುಬಿಡಿ ಸರ್. ನಿಮಗೂ ತೊಂದರೆಯಿಲ್ಲ, ನಮಗೂ ತೊಂದರೆಯಿಲ್ಲ."

ಕಳೆದ ವರ್ಷ ಪೀಣ್ಯದ ಒಂದು ಕಾರ್ಖಾನೆಯ ಕಚೇರಿಯಲ್ಲಿ ವ್ಯವಸ್ಥಾಪಕ ನಿರ್ದೇಶಕರು ನನಗೆ ಈ ಮಾತು ಹೇಳಿದರು. ಹನ್ನೊಂದು ವರ್ಷಗಳ ಪರಿಚಯ ನಮ್ಮದು. ಕಾಫಿ ತರಿಸಿದ್ದರು, ದನಿಯಲ್ಲಿ ಸಿಟ್ಟೂ ಇರಲಿಲ್ಲ. ಆದರೆ ಆ ಎರಡು ಪದಗಳನ್ನು ಬರೆದಿದ್ದರೆ ಅವರಿಗೆ ಸಾಲ ಕೊಟ್ಟ ಬ್ಯಾಂಕು, ಷೇರು ಹೊಂದಿದ್ದ ಅವರದೇ ಚಿಕ್ಕಪ್ಪನ ಮಕ್ಕಳು, ನನ್ನ ನಂತರ ಬರುವ ಲೆಕ್ಕಪರಿಶೋಧಕರು, ಎಲ್ಲರಿಗೂ ನಾನು ಸುಳ್ಳು ಹೇಳಿದಂತಾಗುತ್ತಿತ್ತು. ರಾಜೀನಾಮೆಯ ನಿಜವಾದ ಕಾರಣವನ್ನು ಮುಚ್ಚಿಡುವ ಪತ್ರಗಳು ನಮ್ಮ ವೃತ್ತಿಯಲ್ಲಿ ತೀರಾ ಸಾಮಾನ್ಯ. "ಇತರ ಕೆಲಸಗಳ ಒತ್ತಡ", "ಅನಾರೋಗ್ಯ", "ಪೂರ್ವನಿಗದಿತ ಕಾರ್ಯಗಳು" ಎಂಬಂಥ ಮಾತುಗಳನ್ನು ಓದಿದಾಗಲೆಲ್ಲ ನನಗೆ ಬೇಸರವಾಗುತ್ತದೆ.

ಕಾರಣವನ್ನು ತೆರೆದು ಹೇಳಿದ ಪತ್ರಕ್ಕೆ ನಮ್ಮ ಊರಿನದೇ ಒಂದು ಉದಾಹರಣೆಯಿದೆ. 2023ರ ಜೂನ್‌ನಲ್ಲಿ ಬೆಂಗಳೂರಿನ ಬೈಜೂಸ್ ಕಂಪನಿಯ, ಅಂದರೆ ಥಿಂಕ್ ಅಂಡ್ ಲರ್ನ್ ಪ್ರೈವೇಟ್ ಲಿಮಿಟೆಡ್‌ನ ಲೆಕ್ಕಪರಿಶೋಧಕರಾಗಿದ್ದ ಡೆಲಾಯ್ಟ್ ಹ್ಯಾಸ್ಕಿನ್ಸ್ ಅಂಡ್ ಸೆಲ್ಸ್ ಅವಧಿಗೆ ಮುಂಚೆಯೇ ರಾಜೀನಾಮೆ ಕೊಟ್ಟಿತು. 2022ರ ಮಾರ್ಚ್ 31ಕ್ಕೆ ಮುಗಿದ ವರ್ಷದ ಹಣಕಾಸು ವಿವರಪಟ್ಟಿಗಳು ಬಹಳ ತಡವಾಗಿವೆ, ಹಿಂದಿನ ವರ್ಷದ ವರದಿಯಲ್ಲಿ ಎತ್ತಿದ್ದ ಆಕ್ಷೇಪಗಳು ಹೇಗೆ ಬಗೆಹರಿದವೆಂದು ತಿಳಿಸಿಲ್ಲ, ಪುಸ್ತಕಗಳು ಸಿದ್ಧವಿವೆಯೇ ಎಂಬುದೂ ತಿಳಿದಿಲ್ಲ, ಹಾಗಾಗಿ ಪರಿಶೋಧನೆ ಆರಂಭಿಸಲೇ ಆಗಿಲ್ಲ ಎಂಬುದು ಆ ಪತ್ರದ ತಿರುಳು. ಯಾರ ಮೇಲೂ ಅಪರಾಧ ಹೊರಿಸಿರಲಿಲ್ಲ. ಏನು ಬರಬೇಕಿತ್ತು, ಏನು ಬರಲಿಲ್ಲ, ಅದರಿಂದ ಕೆಲಸಕ್ಕೆ ಏನಾಯಿತು ಎಂಬ ಮೂರೇ ವಿಷಯ. ಓದಿದವರಿಗೆ ಅಷ್ಟು ಸಾಕಾಗಿತ್ತು.

ಇಂಥ ಪತ್ರವನ್ನು ಷೇರುಪೇಟೆಯ ಪಟ್ಟಿಯಲ್ಲಿಲ್ಲದ ಸಾಧಾರಣ ಗಾತ್ರದ ಪ್ರೈವೇಟ್ ಕಂಪನಿಗೆ ಬರೆಯಬೇಕಾದಾಗ ಏನೇನು ಮಾಡಬೇಕೆಂದು ಪೀಣ್ಯದ ಪ್ರಕರಣವನ್ನೇ ಹಿಡಿದು ಹೇಳುತ್ತೇನೆ. ಗುರುತು ಸಿಗದಿರಲೆಂದು ಕೆಲವು ವಿವರಗಳನ್ನೂ ಮೊತ್ತಗಳನ್ನೂ ಬದಲಿಸಿದ್ದೇನೆ.

ಮೊದಲ ಹೆಜ್ಜೆ: ಕೇಳಿದ್ದು ಕಾಗದದ ಮೇಲಿರಲಿ

ರಾಜೀನಾಮೆ ಪತ್ರಕ್ಕೆ ಬಲ ಬರುವುದು ಅದರ ಭಾಷೆಯಿಂದಲ್ಲ, ಅದರ ಹಿಂದಿರುವ ತಾರೀಖುಗಳಿಂದ. ಮಾಹಿತಿ ಕೊಡಲಿಲ್ಲ ಎಂದು ನೀವು ಬರೆದರೆ ಕಂಪನಿಯವರು ಮೊದಲು ಹೇಳುವುದು "ಅವರು ಕೇಳಿಯೇ ಇರಲಿಲ್ಲ" ಎಂದು. ಫೋನಿನಲ್ಲಿ ಹತ್ತು ಸಲ ಕೇಳಿದ್ದಕ್ಕೆ ಆಗ ಬೆಲೆಯಿಲ್ಲ.

ನಮ್ಮ ಪ್ರಕರಣದ ಕಂಪನಿ ಯಂತ್ರಗಳ ಬಿಡಿಭಾಗ ತಯಾರಿಸುತ್ತದೆ. 2024–25ರಲ್ಲಿ ವಹಿವಾಟು 64 ಕೋಟಿ ರೂಪಾಯಿ, ತೆರಿಗೆಗೆ ಮುಂಚಿನ ಲಾಭ 2.1 ಕೋಟಿ, ಬ್ಯಾಂಕ್ ಸಾಲ 14 ಕೋಟಿ, ಪಾವತಿಯಾದ ಷೇರು ಬಂಡವಾಳ 4 ಕೋಟಿ. ನಮಗೆ ಸಿಗದೇ ಹೋದದ್ದು ಎರಡು.

ಒಂದು, ಒಂದು ಪಾಲುದಾರಿಕೆ ಸಂಸ್ಥೆಗೆ "ಕಚ್ಚಾ ಸಾಮಗ್ರಿಗೆ ಮುಂಗಡ" ಎಂದು ಕೊಟ್ಟಿದ್ದ 4.80 ಕೋಟಿಯ ಒಪ್ಪಂದ ಮತ್ತು ಬಾಕಿ ದೃಢೀಕರಣ. ಲೆಕ್ಕದ ಗುಮಾಸ್ತರು ನಮ್ಮ ಹುಡುಗನಿಗೆ ಟ್ಯಾಲಿಯಿಂದ ಒಂದು ಪುಟದ ಲೆಡ್ಜರ್ ಕೊಟ್ಟಿದ್ದರು. ಏಳು ಪಾವತಿ, ಎಲ್ಲವೂ ದುಂಡು ಮೊತ್ತ, ಪ್ರತಿ ಪಾವತಿ ಏತಕ್ಕೆಂದು ಹೇಳುವ ನರೇಷನ್ ಬಿಟ್ಟು ಮುದ್ರಿಸಿದ್ದು. ಉಳಿದ ಎಲ್ಲ ಲೆಡ್ಜರ್‌ಗಳಲ್ಲೂ ನರೇಷನ್ ಇತ್ತು, ಇದೊಂದರಲ್ಲಿ ಮಾತ್ರ ಇರಲಿಲ್ಲ. ಇಂಥ ಸಣ್ಣ ವ್ಯತ್ಯಾಸವನ್ನು ಗಮನಿಸಿದ ಆ ಹುಡುಗನಿಗೆ ಆರ್ಟಿಕಲ್‌ಶಿಪ್‌ನ ಎರಡನೆಯ ವರ್ಷ. ನನಗೆ ಹೆಮ್ಮೆಯಾಯಿತು.

ಎರಡು, ಪುಸ್ತಕದಲ್ಲೇ ಇಲ್ಲದ ಒಂದು ಬ್ಯಾಂಕ್ ಖಾತೆ. ಕಂಪನಿಯ ಹೆಸರಿನಲ್ಲಿ ಆದ ತೆರಿಗೆ ಕಡಿತಗಳನ್ನು ತೋರಿಸುವ ಫಾರ್ಮ್ 26ಎಎಸ್‌ನಲ್ಲಿ ಒಂದು ಬ್ಯಾಂಕು 1.96 ಲಕ್ಷ ರೂಪಾಯಿ ಬಡ್ಡಿಯ ಮೇಲೆ ತೆರಿಗೆ ಕಡಿತ ಮಾಡಿದ್ದು ಕಾಣುತ್ತಿತ್ತು. ಆ ಬ್ಯಾಂಕಿನಲ್ಲಿ ಕಂಪನಿಯ ಖಾತೆಯಿದೆ ಎಂದು ಪುಸ್ತಕಗಳು ಹೇಳುತ್ತಿರಲಿಲ್ಲ. ಶೇಕಡಾ 7ರ ಲೆಕ್ಕ ಹಾಕಿದರೆ ಸುಮಾರು 28 ಲಕ್ಷದ ಠೇವಣಿ.

2025ರ ಜೂನ್ 12ರಂದು ಮೊದಲ ಇಮೇಲ್ ಕಳಿಸಿದೆವು. ಇಲ್ಲಿ ಒಂದು ಎಚ್ಚರಿಕೆ. "ಬಾಕಿ ಇರುವ ಎಲ್ಲ ವಿವರಗಳನ್ನು ಕೊಡಿ" ಎಂದು ಬರೆಯಬೇಡಿ. ಹಾಗೆ ಕೇಳಿದರೆ ಇಪ್ಪತ್ತು ಕಾಗದ ಬರುತ್ತವೆ, ಬೇಕಾದ ಒಂದು ಬರುವುದಿಲ್ಲ. ಯಾವ ದಾಖಲೆ, ಯಾವ ಅವಧಿಯದು, ಏಕೆ ಬೇಕು, ಯಾವ ದಿನದೊಳಗೆ ಬೇಕು ಎಂದು ಪ್ರತಿಯೊಂದಕ್ಕೂ ಸಾಲು ಸಂಖ್ಯೆ ಹಾಕಿ ಕೇಳಿ. ಮುಂದಿನ ಎಲ್ಲ ನೆನಪೋಲೆಗಳಲ್ಲೂ ಅದೇ ಸಂಖ್ಯೆಯನ್ನು ಉಳಿಸಿಕೊಳ್ಳಿ. ನಮ್ಮ ಪಟ್ಟಿಯ 14 ಮತ್ತು 19ನೆಯ ಸಾಲುಗಳು ಜೂನ್‌ನಿಂದ ಆಗಸ್ಟ್‌ವರೆಗೆ 14 ಮತ್ತು 19 ಆಗಿಯೇ ಉಳಿದವು. ರಾಜೀನಾಮೆ ಪತ್ರ ಬರೆಯುವಾಗ ಅಲ್ಲಿಂದಲೇ ಎತ್ತಿಕೊಂಡೆವು.

ಕೇಳುವ ಹಕ್ಕು ಎಲ್ಲಿಂದ ಬಂತೆಂಬುದನ್ನೂ ಬರೆಯಿರಿ. 2013ರ ಕಂಪನಿಗಳ ಕಾಯಿದೆಯ 143(1)ನೆಯ ಕಲಮು ಲೆಕ್ಕಪರಿಶೋಧಕರಿಗೆ ಪುಸ್ತಕಗಳನ್ನೂ ವೋಚರ್‌ಗಳನ್ನೂ ಎಲ್ಲ ಕಾಲದಲ್ಲೂ ನೋಡುವ ಹಕ್ಕು ಕೊಡುತ್ತದೆ. ಅಗತ್ಯವೆನಿಸಿದ ಮಾಹಿತಿಯನ್ನೂ ವಿವರಣೆಯನ್ನೂ ಅಧಿಕಾರಿಗಳಿಂದ ಕೇಳಿ ಪಡೆಯುವ ಹಕ್ಕೂ ಅದರಲ್ಲೇ ಇದೆ. ಕೆಲಸ ಒಪ್ಪಿಕೊಳ್ಳುವಾಗ ಸಹಿಯಾದ ಒಪ್ಪಂದ ಪತ್ರದಲ್ಲೂ ಆಡಳಿತ ವರ್ಗ ಇದಕ್ಕೆ ಒಪ್ಪಿರುತ್ತದೆ. ಮೊದಲ ಇಮೇಲ್‌ನಲ್ಲಿ ಇದನ್ನು ಎತ್ತುವುದು ಬೇಡ, ಸಂಬಂಧ ಕೆಡುತ್ತದೆ. ಎರಡನೆಯ ನೆನಪೋಲೆಯಲ್ಲಿ ಇರಲಿ.

ಎರಡನೆಯ ಹೆಜ್ಜೆ: ಮಂಡಳಿಗೆ ಹೇಳುವುದು, ಬೇರೆ ದಾರಿ ಹುಡುಕುವುದು

ಜುಲೈ 9ರ ಭೇಟಿಯಲ್ಲಿ ವ್ಯವಸ್ಥಾಪಕ ನಿರ್ದೇಶಕರು ಒಪ್ಪಂದವನ್ನು ತೋರಿಸಲಾಗದು ಎಂದರು. ಆ ಕ್ಷಣದಿಂದ ಅದು ತಡವಲ್ಲ, ನಿರಾಕರಣೆ. ಈ ಎರಡರ ನಡುವಿನ ವ್ಯತ್ಯಾಸ ಇಡೀ ಪ್ರಕರಣದ ಜೀವಾಳ. ದಾಖಲೆ ಬೆಂಕಿಯಲ್ಲಿ ಸುಟ್ಟುಹೋಗಿದ್ದರೆ ಅದು ಯಾರ ಕೈಯಲ್ಲೂ ಇಲ್ಲದ ಪರಿಸ್ಥಿತಿ. ಬೀರುವಿನಲ್ಲಿಟ್ಟುಕೊಂಡು ಕೊಡುವುದಿಲ್ಲ ಎಂದರೆ ಅದು ಆಡಳಿತ ವರ್ಗವೇ ಹೇರಿದ ಮಿತಿ. ಭೇಟಿ ಮುಗಿದ ದಿನವೇ "ಇಂದು ಮಾತನಾಡಿದಂತೆ" ಎಂದು ಒಂದು ಇಮೇಲ್ ಕಳಿಸಿ, ಅವರು ಹೇಳಿದ್ದನ್ನು ಇದ್ದದ್ದು ಇದ್ದ ಹಾಗೆ ಬರೆದಿಡಿ.

ಲೆಕ್ಕಪರಿಶೋಧನಾ ಮಾನದಂಡ ಎಸ್‌ಎ 705 ಇಂಥ ಸಂದರ್ಭಕ್ಕೆ ಒಂದು ಕ್ರಮ ಹೇಳುತ್ತದೆ. ಮಿತಿಯನ್ನು ತೆಗೆಯಿರಿ ಎಂದು ಆಡಳಿತ ವರ್ಗವನ್ನು ಕೇಳಬೇಕು. ಒಪ್ಪದಿದ್ದರೆ ಆಡಳಿತದ ಮೇಲ್ವಿಚಾರಣೆ ಹೊತ್ತವರಿಗೆ, ಅಂದರೆ ನಿರ್ದೇಶಕ ಮಂಡಳಿಗೆ ತಿಳಿಸಬೇಕು. ಅದೇ ಸಾಕ್ಷ್ಯ ಬೇರೆ ದಾರಿಯಿಂದ ಸಿಗುತ್ತದೆಯೇ ನೋಡಬೇಕು. ಇಷ್ಟನ್ನೂ ಮಾಡದೆ ಬರೆದ ರಾಜೀನಾಮೆ, ಕಾರಣ ನಿಜವಾಗಿದ್ದರೂ, ಅವಸರದ ರಾಜೀನಾಮೆ.

ಕುಟುಂಬದ ಕಂಪನಿಯಲ್ಲಿ ಮಂಡಳಿ ಎಂದರೆ ಅಣ್ಣ, ತಮ್ಮ, ಅತ್ತಿಗೆ. ಆದರೂ ಪತ್ರ ಪ್ರತಿಯೊಬ್ಬ ನಿರ್ದೇಶಕರ ಹೆಸರಿಗೂ ಬೇರೆ ಬೇರೆಯಾಗಿ ಹೋಗಲಿ. ಕಂಪನಿಯ ಒಂದೇ ಇಮೇಲ್‌ಗೆ ಕಳಿಸಿದರೆ ಅದನ್ನು ತೆರೆಯುವವರು ವ್ಯವಸ್ಥಾಪಕ ನಿರ್ದೇಶಕರೊಬ್ಬರೇ. ನಾವು ಜುಲೈ 18ರಂದು ನಾಲ್ವರಿಗೂ ಸ್ವೀಕೃತಿ ಸಹಿತ ಅಂಚೆಯಲ್ಲಿ ಕಳಿಸಿದೆವು. ಜುಲೈ 28ಕ್ಕೆ ಒಂದೇ ಸಾಲಿನ ಉತ್ತರ ಬಂತು: ಒಪ್ಪಂದ ವ್ಯಾಪಾರದ ಗೋಪ್ಯ ವಿಷಯ, ಠೇವಣಿಯ ಬಗ್ಗೆ ಪರಿಶೀಲಿಸುತ್ತಿದ್ದೇವೆ. ಲೆಕ್ಕಪರಿಶೋಧಕರ ಎದುರು ವ್ಯಾಪಾರದ ಗುಟ್ಟು ಎಂಬ ನೆಪಕ್ಕೆ ಕಾಯಿದೆಯಲ್ಲಿ ಜಾಗವಿಲ್ಲ. ಗೋಪ್ಯತೆ ಕಾಪಾಡುವ ಕರ್ತವ್ಯ ನಮ್ಮ ಮೇಲೆಯೇ ಇದೆ.

ಬೇರೆ ದಾರಿಯಲ್ಲಿ ನಮಗೆ ಸಿಕ್ಕಿದ್ದು ಇಷ್ಟು. ಮಾರಾಟಗಾರರು ಸಲ್ಲಿಸಿದ ಬಿಲ್ಲುಗಳನ್ನು ತೋರಿಸುವ ಕಂಪನಿಯ ಜಿಎಸ್‌ಟಿಆರ್-2ಬಿ ವಿವರಗಳಲ್ಲಿ ಆ ಪಾಲುದಾರಿಕೆ ಸಂಸ್ಥೆಯಿಂದ ವರ್ಷವಿಡೀ ಒಂದು ಬಿಲ್ಲೂ ಇರಲಿಲ್ಲ. ಏಪ್ರಿಲ್‌ನಿಂದ ಜುಲೈವರೆಗೆ ನೋಡಿದೆವು, ಸಾಮಗ್ರಿಯೂ ಬಂದಿರಲಿಲ್ಲ, ಹಣವೂ ಹಿಂತಿರುಗಿರಲಿಲ್ಲ. ಜಿಎಸ್‌ಟಿ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದಾದ ತೆರಿಗೆದಾರರ ವಿವರದಲ್ಲಿ ವ್ಯವಸ್ಥಾಪಕ ನಿರ್ದೇಶಕರ ಪತ್ನಿಯ ಹೆಸರು ಪಾಲುದಾರರ ಸಾಲಿನಲ್ಲಿತ್ತು. ಪುಸ್ತಕದಲ್ಲಿಲ್ಲದ ಖಾತೆಗೆ ಸಂಬಂಧಿಸಿ ಬ್ಯಾಂಕಿಗೆ ನೇರವಾಗಿ ದೃಢೀಕರಣ ಕೇಳಬೇಕೆಂದರೆ ಕಂಪನಿಯ ಒಪ್ಪಿಗೆ ಪತ್ರ ಬೇಕು. ಅದಕ್ಕೆ ಸಹಿ ಹಾಕಲಿಲ್ಲ.

ಒಪ್ಪಂದ ಅಷ್ಟು ಮುಖ್ಯವಾದದ್ದು ಏಕೆಂದರೆ, ಅದು ನಿಜಕ್ಕೂ ಸಾಮಗ್ರಿಗೆ ಕೊಟ್ಟ ಮುಂಗಡವಾಗಿದ್ದರೆ ಒಂದು ಮಾತು. ಸಾಲವಾಗಿದ್ದರೆ ಕಾಯಿದೆಯ 185ನೆಯ ಕಲಮು ಅಡ್ಡ ಬರುತ್ತದೆ. ನಿರ್ದೇಶಕರಾಗಲಿ ಅವರ ಸಂಬಂಧಿಕರಾಗಲಿ ಪಾಲುದಾರರಾಗಿರುವ ಸಂಸ್ಥೆಗೆ ಕಂಪನಿ ಸಾಲ ಕೊಡುವಂತಿಲ್ಲ. ಕೆಲವು ಪ್ರೈವೇಟ್ ಕಂಪನಿಗಳಿಗೆ ವಿನಾಯಿತಿ ಇದೆ, ಆದರೆ ಬ್ಯಾಂಕ್ ಸಾಲ ಷೇರು ಬಂಡವಾಳದ ಎರಡು ಪಟ್ಟಿಗಿಂತ ಕಡಿಮೆಯಿರಬೇಕು. ಇಲ್ಲಿ ಎರಡು ಪಟ್ಟು ಎಂದರೆ 8 ಕೋಟಿ, ಸಾಲ 14 ಕೋಟಿ. ವಿನಾಯಿತಿ ದಕ್ಕುವುದಿಲ್ಲ. ಆ ಒಪ್ಪಂದವನ್ನು ಕಣ್ಣಾರೆ ನೋಡದೆ ಇದನ್ನು ತೀರ್ಮಾನಿಸುವ ದಾರಿಯೇ ಇರಲಿಲ್ಲ.

ಮೂರನೆಯ ಹೆಜ್ಜೆ: ರಾಜೀನಾಮೆಯೋ, ವರದಿಯೋ?

ಈ ಪ್ರಶ್ನೆಯನ್ನು ದಾಟಿ ಓಡಬೇಡಿ. ಮಾಹಿತಿ ಸಿಗದಿದ್ದಾಗ ಮೂರು ದಾರಿಗಳಿವೆ. ಸಿಗದ ವಿಷಯದ ಪರಿಣಾಮ ದೊಡ್ಡದಾದರೂ ಒಂದೇ ಜಾಗಕ್ಕೆ ಸೀಮಿತವಾಗಿದ್ದರೆ ಅದನ್ನು ಎತ್ತಿ ಹೇಳಿ ಕ್ವಾಲಿಫೈಡ್ ವರದಿ ಕೊಡಬೇಕು. ಪರಿಣಾಮ ಇಡೀ ಲೆಕ್ಕಕ್ಕೆ ಹರಡಿದ್ದರೆ ಹಿಂದೆ ಸರಿಯಬಹುದು. ಹಿಂದೆ ಸರಿಯುವುದು ಕಾರ್ಯಸಾಧ್ಯವಲ್ಲದಿದ್ದರೆ ಅಭಿಪ್ರಾಯ ಕೊಡಲಾಗದು ಎಂದು ಡಿಸ್‌ಕ್ಲೇಮರ್ ವರದಿ ಕೊಡಬೇಕು.

ಅಳತೆ ಹೀಗೆ. ವಹಿವಾಟಿನ ಶೇಕಡಾ 1ನ್ನು ಗಣನೀಯ ಮೊತ್ತವೆಂದು ಇಟ್ಟುಕೊಂಡಿದ್ದೆವು, ಅಂದರೆ 64 ಲಕ್ಷ. ಮುಂಗಡ ಅದರ ಏಳೂವರೆ ಪಟ್ಟು. ಅದು ವಾಪಸ್ ಬರುವುದಿಲ್ಲವೆಂದಾದರೆ 2.1 ಕೋಟಿಯ ಲಾಭ 2.7 ಕೋಟಿಯ ನಷ್ಟವಾಗುತ್ತದೆ. ಇಷ್ಟಾದರೂ ಅದೊಂದೇ ಇದ್ದಿದ್ದರೆ ಕ್ವಾಲಿಫೈಡ್ ವರದಿಯಲ್ಲಿ ಮುಗಿಸಬಹುದಿತ್ತೇನೋ. ನಿರ್ಧಾರವನ್ನು ಬದಲಿಸಿದ್ದು 28 ಲಕ್ಷದ ಠೇವಣಿ. ಮೊತ್ತ ನಮ್ಮ ಅಳತೆಗೋಲಿನ ಅರ್ಧವೂ ಇಲ್ಲ. ಆದರೆ ಪುಸ್ತಕದ ಹೊರಗೆ ಒಂದು ಖಾತೆ ಇದೆ, ಅದನ್ನು ನೋಡಲು ಬಿಡುವುದಿಲ್ಲ ಎಂದಾಗ ಇನ್ನೆಷ್ಟು ಖಾತೆಗಳಿವೆ, ಮಾರಾಟದ ಹಣವೆಲ್ಲ ಪುಸ್ತಕಕ್ಕೆ ಬಂದಿದೆಯೇ, ಖರ್ಚುಗಳು ನಿಜವೇ ಎಂಬ ಯಾವ ಪ್ರಶ್ನೆಗೂ ಆಡಳಿತ ವರ್ಗದ ಮಾತನ್ನು ನಂಬಲಾಗದು. ವರ್ಷದ ಕೊನೆಗೆ ಅವರು ಸಹಿ ಮಾಡಿ ಕೊಡುವ ಲಿಖಿತ ಹೇಳಿಕೆಗೂ ಬೆಲೆ ಉಳಿಯುವುದಿಲ್ಲ. ಪರಿಣಾಮ ಹರಡುವುದೆಂದರೆ ಇದು.

ನನ್ನ ಸ್ಪಷ್ಟ ಅಭಿಪ್ರಾಯ ಹೇಳುತ್ತೇನೆ. ಕೆಲಸ ಬಹುಪಾಲು ಮುಗಿದಿದ್ದರೆ ರಾಜೀನಾಮೆ ಕೊಡಬೇಡಿ, ಡಿಸ್‌ಕ್ಲೇಮರ್ ಕೊಡಿ. ಅದು ಲೆಕ್ಕಪತ್ರದ ಜೊತೆಗೇ ಹೋಗುತ್ತದೆ, ಪ್ರತಿ ಷೇರುದಾರನ ಕೈ ಸೇರುತ್ತದೆ. ನಮ್ಮ ಪ್ರಕರಣದಲ್ಲಿ ಸ್ಟಾಕ್, ಸಾಲಗಾರರು, ವೇತನ ಯಾವುದನ್ನೂ ಇನ್ನೂ ಮುಗಿಸಿರಲಿಲ್ಲ. ಅರ್ಧದಷ್ಟೂ ಕೆಲಸ ಆಗಿರಲಿಲ್ಲ. ಸೆಪ್ಟೆಂಬರ್ 30ರೊಳಗೆ ವಾರ್ಷಿಕ ಸಭೆ ನಡೆಯಬೇಕಿತ್ತು. ಇನ್ನೂ ತಡ ಮಾಡಿದರೆ ಹೊಸಬರಿಗೆ ಸಮಯವೇ ಉಳಿಯುತ್ತಿರಲಿಲ್ಲ. ಹಾಗಾಗಿ ಆಗಸ್ಟ್ 8ರಂದು ಕೊನೆಯ ಪತ್ರ ಬರೆದು 20ನೆಯ ತಾರೀಖಿನ ಗಡುವು ಕೊಟ್ಟೆವು. ಕೊಡದಿದ್ದರೆ ರಾಜೀನಾಮೆಯ ಬಗ್ಗೆ ಯೋಚಿಸಬೇಕಾಗುತ್ತದೆ ಎಂದು ಅದರಲ್ಲೇ ತಿಳಿಸಿದ್ದೆವು. "ಗಣೇಶನ ಹಬ್ಬ ಮುಗಿಯಲಿ" ಎಂಬ ಉತ್ತರ ಬಂತು.

ಹೊರಡುವ ಮೊದಲು ಇನ್ನೊಂದು ಬಾಗಿಲನ್ನು ತಟ್ಟಿ ನೋಡಬೇಕು. ವಂಚನೆ ನಡೆದಿದೆ ಎಂದು ನಂಬಲು ಕಾರಣ ಸಿಕ್ಕಿದ್ದರೆ 143(12)ನೆಯ ಕಲಮಿನ ಪ್ರಕಾರ ವರದಿ ಮಾಡುವ ಕರ್ತವ್ಯ ಬೇರೆಯೇ ಇದೆ. ಮೊತ್ತ 1 ಕೋಟಿ ಮುಟ್ಟಿದರೆ ಅದು ಮಂಡಳಿಯ ಉತ್ತರ ಪಡೆದು ಕೇಂದ್ರ ಸರ್ಕಾರದವರೆಗೆ ಹೋಗಬೇಕಾದ ವಿಷಯ. ರಾಜೀನಾಮೆ ಕೊಟ್ಟೆ ಎಂದ ಮಾತ್ರಕ್ಕೆ ಆ ಹೊಣೆ ಕಳಚಿಕೊಳ್ಳುವುದಿಲ್ಲ. ನಮ್ಮ ಲೆಕ್ಕಪರಿಶೋಧನಾ ಸಂಸ್ಥೆಯ ಪಾಲುದಾರರೆಲ್ಲ ಆಗಸ್ಟ್ 21ರಂದು ಕೂತು, ನಮ್ಮ ಮುಂದಿರುವುದು ನಿರಾಕರಣೆಯೇ ಹೊರತು ವಂಚನೆಯೆಂದು ನಂಬಲು ಸಾಕಾಗುವ ಆಧಾರವಲ್ಲ ಎಂದು ತೀರ್ಮಾನಿಸಿ, ಆ ತೀರ್ಮಾನಕ್ಕೆ ಬಂದ ಕಾರಣಗಳನ್ನು ಕಡತದಲ್ಲಿ ಬರೆದಿಟ್ಟೆವು. ಇನ್ನೊಬ್ಬರು ಬೇರೆ ತೀರ್ಮಾನಕ್ಕೆ ಬರಬಹುದಿತ್ತು. ಅದಕ್ಕೇ ಕಾರಣ ಬರೆದಿಡುವುದು.

ನಾಲ್ಕನೆಯ ಹೆಜ್ಜೆ: ಪತ್ರ

ಷೇರುಪೇಟೆಯ ಪಟ್ಟಿಯಲ್ಲಿರುವ ಕಂಪನಿಗಳಿಗಾಗಿ ಸೆಬಿ 2019ರ ಅಕ್ಟೋಬರ್ 18ರಂದು ಒಂದು ಸುತ್ತೋಲೆ ಹೊರಡಿಸಿತು. ಅಲ್ಲಿ ಲೆಕ್ಕಪರಿಶೋಧಕರು ಬೇಕೆಂದಾಗ ಎದ್ದು ಹೋಗುವಂತಿಲ್ಲ. ತ್ರೈಮಾಸಿಕ ಮುಗಿದ 45 ದಿನದೊಳಗೆ ರಾಜೀನಾಮೆ ಕೊಡುವುದಾದರೆ ಆ ತ್ರೈಮಾಸಿಕದ ವರದಿ ಕೊಟ್ಟೇ ಹೋಗಬೇಕು. 45 ದಿನ ದಾಟಿದ ಮೇಲಾದರೆ ಮುಂದಿನ ತ್ರೈಮಾಸಿಕದ್ದನ್ನೂ ಕೊಡಬೇಕು. ಮೂರು ತ್ರೈಮಾಸಿಕಗಳಿಗೆ ಸಹಿ ಮಾಡಿದ್ದರೆ ಇಡೀ ವರ್ಷದ ಪರಿಶೋಧನೆ ಮುಗಿಸಬೇಕು.

ಪ್ರೈವೇಟ್ ಕಂಪನಿಗೆ ಆ ಸುತ್ತೋಲೆ ಅನ್ವಯಿಸುವುದಿಲ್ಲ. ಆದರೂ ಅದರ ಅನುಬಂಧದಲ್ಲಿ ಮಾಹಿತಿ ಸಿಗದ ಕಾರಣಕ್ಕೆ ಹೋಗುವವರನ್ನು ಕೇಳುವ ನಾಲ್ಕು ಪ್ರಶ್ನೆಗಳಿವೆ, ಯಾವ ಪತ್ರಕ್ಕಾದರೂ ಅವೇ ಬೆನ್ನೆಲುಬು. ಮಿತಿಯನ್ನು ಹೇರಿದ್ದು ಆಡಳಿತ ವರ್ಗವೋ, ಅವರ ಕೈಮೀರಿದ ಪರಿಸ್ಥಿತಿಯೋ? ಆ ಮಾಹಿತಿ ಇಲ್ಲದಿರುವುದರಿಂದ ಹಣಕಾಸು ವಿವರಪಟ್ಟಿಗಳ ಮೇಲೆ ಗಣನೀಯ ಪರಿಣಾಮ ಆಗುತ್ತಿತ್ತೇ? ಬೇರೆ ದಾರಿಯಿಂದ ಸಾಕ್ಷ್ಯ ಪಡೆಯಲು ಪ್ರಯತ್ನಿಸಿದಿರಾ? ಹಿಂದಿನ ಅವಧಿಗಳಲ್ಲೂ ಇದೇ ಕೊರತೆ ಇತ್ತೇ, ಇದ್ದರೆ ಆಗ ಯಾವ ಆಧಾರದ ಮೇಲೆ ಸಹಿ ಮಾಡಿದಿರಿ?

ಕೊನೆಯ ಪ್ರಶ್ನೆ ನಮಗೇ ಚುಚ್ಚುವಂಥದ್ದು. ಹಿಂದಿನ ವರ್ಷದ 26ಎಎಸ್ ತೆಗೆಸಿ ನೋಡುವಾಗ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಆ ಬ್ಯಾಂಕಿನ ಬಡ್ಡಿ ಅದರಲ್ಲಿ ಇರಲಿಲ್ಲ, ಮುಂಗಡವೂ ಆ ವರ್ಷ ಆರಂಭವಾಗಿರಲಿಲ್ಲ. ಇದ್ದಿದ್ದರೆ ಅದನ್ನೂ ಪತ್ರದಲ್ಲಿ ಬರೆಯಬೇಕಾಗುತ್ತಿತ್ತು, ಬರೆಯುತ್ತಿದ್ದೆ.

ನಾವು ಕಳಿಸಿದ್ದು ಇಂಗ್ಲಿಷಿನಲ್ಲಿ. ಅದನ್ನು ಕನ್ನಡಕ್ಕಿಟ್ಟರೆ ಹೀಗಾಗುತ್ತದೆ:

> ದಿನಾಂಕ: 25 ಆಗಸ್ಟ್ 2025
> ನಿರ್ದೇಶಕ ಮಂಡಳಿಗೆ,
> ವಿಷಯ: ಶಾಸನಬದ್ಧ ಲೆಕ್ಕಪರಿಶೋಧಕರ ಸ್ಥಾನಕ್ಕೆ ರಾಜೀನಾಮೆ
>
> 2025ರ ಮಾರ್ಚ್ 31ಕ್ಕೆ ಮುಗಿದ ವರ್ಷದ ಪರಿಶೋಧನೆಗಾಗಿ ಕೆಳಗಿನ ಎರಡು ವಿಷಯಗಳ ಮಾಹಿತಿಯನ್ನು ಜೂನ್ 12, ಜೂನ್ 27, ಜುಲೈ 18 ಮತ್ತು ಆಗಸ್ಟ್ 8ರ ಪತ್ರಗಳಲ್ಲಿ ಕೋರಿದ್ದೆವು. (ಒಂದು) ಸಾಮಗ್ರಿಗೆ ಮುಂಗಡವೆಂದು ತೋರಿಸಿರುವ 4.80 ಕೋಟಿ ರೂಪಾಯಿಗೆ ಸಂಬಂಧಿಸಿದ ಒಪ್ಪಂದ ಮತ್ತು ಬಾಕಿ ದೃಢೀಕರಣ. (ಎರಡು) ಫಾರ್ಮ್ 26ಎಎಸ್‌ನಲ್ಲಿ ಬಡ್ಡಿ ಕಂಡುಬಂದಿರುವ, ಆದರೆ ಲೆಕ್ಕದ ಪುಸ್ತಕಗಳಲ್ಲಿ ಕಾಣದ ಬ್ಯಾಂಕ್ ಖಾತೆಯ ವಿವರ ಮತ್ತು ಬ್ಯಾಂಕಿಗೆ ನೇರ ದೃಢೀಕರಣ ಕೋರಲು ಒಪ್ಪಿಗೆ.
>
> ಜುಲೈ 9ರ ಭೇಟಿಯಲ್ಲಿ ಮತ್ತು ಜುಲೈ 28ರ ಉತ್ತರದಲ್ಲಿ ಮೊದಲನೆಯದನ್ನು ಕೊಡಲಾಗದೆಂದು ತಿಳಿಸಿದ್ದೀರಿ. ಎರಡನೆಯದು ಈ ದಿನದವರೆಗೆ ಬಂದಿಲ್ಲ. ಈ ಮಿತಿ ಆಡಳಿತ ವರ್ಗದಿಂದ ಆದದ್ದು ಎಂಬುದು ನಮ್ಮ ತಿಳಿವಳಿಕೆ.
>
> ಜಿಎಸ್‌ಟಿ ವಿವರಗಳು, ವರ್ಷಾಂತ್ಯದ ನಂತರದ ವಹಿವಾಟು ಮತ್ತು ಸಾರ್ವಜನಿಕ ದಾಖಲೆಗಳನ್ನು ಪರಿಶೀಲಿಸಿದೆವು. ಅವುಗಳಿಂದ ಸಾಕಷ್ಟು ಸೂಕ್ತ ಸಾಕ್ಷ್ಯ ದೊರೆಯಲಿಲ್ಲ. ಮುಂಗಡವು ಸಂಬಂಧಿತ ಪಕ್ಷಕ್ಕೆ ಕೊಟ್ಟದ್ದೇ, ಕಾಯಿದೆಯ 185ನೆಯ ಕಲಮು ಅನ್ವಯಿಸುತ್ತದೆಯೇ ಎಂಬುದನ್ನು ತೀರ್ಮಾನಿಸಲು ನಮಗೆ ಸಾಧ್ಯವಾಗಿಲ್ಲ.
>
> ಇದರ ಸಂಭವನೀಯ ಪರಿಣಾಮ ಗಣನೀಯವೂ ಹಣಕಾಸು ವಿವರಪಟ್ಟಿಗಳಲ್ಲಿ ವ್ಯಾಪಕವೂ ಆಗಿರಬಹುದೆಂದು ನಮ್ಮ ಅಭಿಪ್ರಾಯ. ಪರಿಶೋಧನೆ ಪೂರ್ಣಗೊಂಡಿಲ್ಲ, ಈ ವರ್ಷಕ್ಕೆ ನಾವು ಯಾವುದೇ ವರದಿ ನೀಡಿಲ್ಲ. ಈ ದಿನದಿಂದ ಜಾರಿಗೆ ಬರುವಂತೆ ರಾಜೀನಾಮೆ ಸಲ್ಲಿಸುತ್ತಿದ್ದೇವೆ. ಇದಕ್ಕೆ ಬೇರೆ ಕಾರಣವಿಲ್ಲ.

ಇಲ್ಲಿ ಏನೇನನ್ನು ಬಿಟ್ಟಿದ್ದೇವೆಂದು ನೋಡಿ. "ಹಣ ತಿರುಗಿಸಲಾಗಿದೆ" ಎಂಬ ಮಾತಿಲ್ಲ, ಏಕೆಂದರೆ ಅದು ನಮಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಬರೆದರೆ ಮಾನನಷ್ಟದ ನೋಟಿಸ್ ಬರುವುದಲ್ಲದೆ ಗೊತ್ತಿರುವುದರ ಬೆಲೆಯೂ ಇಳಿಯುತ್ತದೆ. ಪತ್ನಿಯ ಹೆಸರಿಲ್ಲ. ಅದನ್ನು ಜುಲೈ 18ರ ಪತ್ರದಲ್ಲಿ ಮಂಡಳಿಗೆ ತಿಳಿಸಿದ್ದೆವು, ತಿಳಿಸಲೇಬೇಕಿತ್ತು. ಹಿಂದೆ ಸರಿಯುವ ಮೊದಲು ಕಂಡುಬಂದ ತಪ್ಪುಗಳನ್ನು ಮಂಡಳಿಗೆ ಹೇಳಿ ಹೋಗಬೇಕೆಂದು ಎಸ್‌ಎ 705 ಹೇಳುತ್ತದೆ. ಆದರೆ ಈ ಪತ್ರ ಸಾರ್ವಜನಿಕ ದಾಖಲೆಯಾಗುತ್ತದೆ. ಇನ್ನು ಬಾಕಿಯಿದ್ದ ನಮ್ಮ ಶುಲ್ಕ. ಅದರ ಒಂದು ಸಾಲು ಈ ಪತ್ರದಲ್ಲಿದ್ದರೂ "ದುಡ್ಡು ಕೊಡಲಿಲ್ಲವೆಂದು ಹೋದರು" ಎನ್ನಲು ದಾರಿಯಾಗುತ್ತದೆ. ಅದಕ್ಕೆ ಬೇರೆ ಪತ್ರ ಬರೆದೆವು.

"ಇದಕ್ಕೆ ಬೇರೆ ಕಾರಣವಿಲ್ಲ" ಎಂಬ ಸಾಲನ್ನು ನಾನು ಬೇಕೆಂದೇ ಹಾಕಿದ್ದು.

ಐದನೆಯ ಹೆಜ್ಜೆ: 30 ದಿನ

ರಾಜೀನಾಮೆಯ ದಿನದಿಂದ 30 ದಿನದೊಳಗೆ ಲೆಕ್ಕಪರಿಶೋಧಕರೇ ಎಡಿಟಿ-3 ನಮೂನೆಯನ್ನು ಕಂಪನಿಗೂ ಕಂಪನಿಗಳ ರಿಜಿಸ್ಟ್ರಾರರಿಗೂ ಸಲ್ಲಿಸಬೇಕೆಂದು 140(2)ನೆಯ ಕಲಮು ಹೇಳುತ್ತದೆ. ನಮಗೆ ಕೊನೆಯ ದಿನ ಸೆಪ್ಟೆಂಬರ್ 24 ಆಗಿತ್ತು. ತಪ್ಪಿದರೆ 50,000 ರೂಪಾಯಿ ಅಥವಾ ನಮ್ಮ ಸಂಭಾವನೆ, ಯಾವುದು ಕಡಿಮೆಯೋ ಅಷ್ಟು ದಂಡ. ತಪ್ಪು ಮುಂದುವರಿದರೆ ದಿನಕ್ಕೆ 500 ರೂಪಾಯಿಯಂತೆ 2 ಲಕ್ಷದವರೆಗೆ. ಇದು ಕಂಪನಿ ಮಾಡಬೇಕಾದ ಕೆಲಸವೆಂದು ತಿಳಿದು ಸುಮ್ಮನಿದ್ದು ದಂಡ ಕಟ್ಟಿದವರನ್ನು ನಾನು ಬಲ್ಲೆ.

ನಮೂನೆಯಲ್ಲಿ ಕಾರಣ ಬರೆಯುವ ಜಾಗವಿದೆ. ಒಳ್ಳೆಯ ಪತ್ರ ಬರೆದವರೂ ಅಲ್ಲಿ ಅವಸರದಲ್ಲಿ "ಲಗತ್ತನ್ನು ನೋಡಿ" ಎಂದೋ "ಪರಸ್ಪರ ಒಪ್ಪಿಗೆ" ಎಂದೋ ತುಂಬಿಸಿಬಿಡುತ್ತಾರೆ. ಹಣ ಕಟ್ಟಿ ದಾಖಲೆ ತೆಗೆಸುವ ಬ್ಯಾಂಕಿನ ಅಧಿಕಾರಿ ಮೊದಲು ಓದುವುದು ಆ ಜಾಗವನ್ನೇ. ಪತ್ರದ ತಿರುಳನ್ನು ಎರಡು ವಾಕ್ಯಗಳಲ್ಲಿ ಅಲ್ಲೇ ಬರೆಯಿರಿ, ಪತ್ರವನ್ನೂ ಲಗತ್ತಿಸಿ. ಎರಡರಲ್ಲೂ ಕಾರಣ ಒಂದೇ ಇರಬೇಕು.

ಬ್ಯಾಂಕಿಗೆ ನೀವಾಗಿ ಪ್ರತಿ ಕಳಿಸಬೇಡಿ. ಕಕ್ಷಿದಾರರ ಮಾಹಿತಿಯನ್ನು ಅವರ ಒಪ್ಪಿಗೆಯಿಲ್ಲದೆ, ಕಾನೂನಿನ ಅಗತ್ಯವೂ ಇಲ್ಲದೆ ಹೊರಗೆ ಕೊಡುವುದು ನಮ್ಮ ಕಾಯಿದೆಯಲ್ಲಿ ವೃತ್ತಿ ದುರ್ನಡತೆ. ಈ ನಿಯಮವನ್ನು ಪಾಲಿಸುವುದು ನನಗೆ ಕಷ್ಟವಾಯಿತು, ಆ ಬ್ಯಾಂಕಿನ ಶಾಖೆ ನನ್ನ ಮನೆಯ ದಾರಿಯಲ್ಲೇ ಇದೆ. ಕಂಪನಿಯ ಮೂಲ ದಾಖಲೆಗಳನ್ನು ಪಟ್ಟಿ ಮಾಡಿ, ಸಹಿ ಪಡೆದು ಹಿಂದಿರುಗಿಸಿ. ನಿಮ್ಮ ಕೆಲಸದ ಕಡತ ನಿಮ್ಮದೇ ಸ್ವತ್ತು, ಅದನ್ನು ಕೊಡಬೇಕಿಲ್ಲ.

ಹೊಸಬರು ಬಂದಾಗ

ರಾಜೀನಾಮೆಯಿಂದ ತೆರವಾದ ಸ್ಥಾನಕ್ಕೆ ಮಂಡಳಿ 30 ದಿನದೊಳಗೆ ನೇಮಕ ಮಾಡಬೇಕು. ಅದಕ್ಕೆ ಮೂರು ತಿಂಗಳೊಳಗೆ ಷೇರುದಾರರ ಸಭೆಯ ಒಪ್ಪಿಗೆಯೂ ಬೇಕು. ಚಿಕ್ಕಪ್ಪನ ಮಕ್ಕಳು "ಹಳಬರು ಏಕೆ ಹೋದರು" ಎಂದು ಕೇಳುವುದು ಈ ಸಭೆಯಲ್ಲಿ. ನೇಮಕ ಒಪ್ಪುವ ಮೊದಲು ಹೊಸ ಲೆಕ್ಕಪರಿಶೋಧಕರು ಹಳಬರಿಗೆ ಲಿಖಿತವಾಗಿ ಬರೆದು ಕೇಳಬೇಕೆಂಬ ನಿಯಮವಿದೆ. ನಾವು ಇದನ್ನು ಎನ್‌ಒಸಿ ಎಂದು ಕರೆದು ಕರೆದು ಒಂದು ಶಾಸ್ತ್ರವಾಗಿಸಿದ್ದೇವೆ. "ಆಕ್ಷೇಪಣೆಯಿಲ್ಲ" ಎಂದು ಉತ್ತರಿಸಿದರೆ ಆಗಸ್ಟ್ 25ರ ಪತ್ರವನ್ನು ನಾವೇ ಅಳಿಸಿದಂತೆ. ಪತ್ರದ ಪ್ರತಿ ಲಗತ್ತಿಸಿ, ಅದರಲ್ಲಿರುವ ಕಾರಣಗಳು ಈಗಲೂ ಹಾಗೆಯೇ ಇವೆ ಎಂದು ಉತ್ತರಿಸಿ.

ಲೆಕ್ಕಪರಿಶೋಧಕರ ವರದಿಯಲ್ಲಿ ಏನೇನಿರಬೇಕೆಂದು ಹೇಳುವ 2020ರ ಕಾರೋ ಆದೇಶ ಅನ್ವಯಿಸುವ ಕಂಪನಿಯಾದರೆ ಹೊಸಬರಿಗೆ ಇನ್ನೊಂದು ಹೊಣೆಯಿದೆ. ವರ್ಷದಲ್ಲಿ ಲೆಕ್ಕಪರಿಶೋಧಕರು ರಾಜೀನಾಮೆ ಕೊಟ್ಟಿದ್ದಾರೆಯೇ, ಕೊಟ್ಟಿದ್ದರೆ ಅವರು ಎತ್ತಿದ ಆಕ್ಷೇಪಗಳನ್ನು ಗಣನೆಗೆ ತೆಗೆದುಕೊಳ್ಳಲಾಗಿದೆಯೇ ಎಂಬುದಕ್ಕೆ ಅವರ ವರದಿಯ 18ನೆಯ ಅಂಶದಲ್ಲಿ ಉತ್ತರಿಸಬೇಕು. ವೈಯಕ್ತಿಕ ಕಾರಣವೆಂದು ಬರೆದು ಹೋಗಿದ್ದರೆ ಗಣನೆಗೆ ತೆಗೆದುಕೊಳ್ಳಲು ಅಲ್ಲಿ ಏನೂ ಇರುತ್ತಿರಲಿಲ್ಲ.

ಸೆಪ್ಟೆಂಬರ್ ಎರಡನೆಯ ವಾರ ಒಬ್ಬ ಕಿರಿಯ ಲೆಕ್ಕಪರಿಶೋಧಕರು ನನಗೆ ಫೋನ್ ಮಾಡಿದರು. ಅವರ ಪತ್ರ ಅಂಚೆಯಲ್ಲಿ ಬರುತ್ತಿತ್ತು, ಅದಕ್ಕೂ ಮೊದಲು ಮಾತನಾಡಬೇಕೆನಿಸಿತಂತೆ. "ಸರ್, ನಿಮ್ಮ ಪತ್ರದ ಎರಡನೆಯ ವಿಷಯವನ್ನು ಅವರನ್ನು ಕೇಳಿದೆ. ಅದೇನೂ ದೊಡ್ಡದಲ್ಲ ಎನ್ನುತ್ತಿದ್ದಾರೆ. ನಾನು ಒಪ್ಪಿಕೊಳ್ಳಬಹುದೇ?" ಎಂದು ಕೇಳಿದರು. ಅದು ನಾನು ಹೇಳುವ ಮಾತಲ್ಲ ಎಂದೆ. ಆದರೆ ಬ್ಯಾಂಕಿಗೆ ದೃಢೀಕರಣ ಕೇಳುವ ಒಪ್ಪಿಗೆ ಪತ್ರವನ್ನು ಮೊದಲು ಸಹಿ ಮಾಡಿಸಿಕೊಂಡು ಆಮೇಲೆ ನೇಮಕಕ್ಕೆ ಒಪ್ಪಿಗೆ ಕೊಡಿ, ಹಿಂದುಮುಂದಾಗುವುದು ಬೇಡ ಎಂದೆ. ಅವರು ಅದನ್ನು ಬರೆದುಕೊಳ್ಳುತ್ತಿದ್ದ ಸದ್ದು ಫೋನಿನಲ್ಲಿ ಕೇಳಿಸುತ್ತಿತ್ತು.